ಎರಡು ಮಾನಿಟರ್, ಒಂದು ಆಟ: ಪರದೆ ಯಾರ ವಶದಲ್ಲಿರಬೇಕು?

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನ ಮೇಜಿನ ಮೇಲೆ ಎರಡು ಮಾನಿಟರ್‌ಗಳಿವೆ. ಎದುರಿಗಿರುವುದು 27 ಇಂಚಿನದು. ಅಡ್ಡಕ್ಕೆ 2560, ಉದ್ದಕ್ಕೆ 1440 ಚುಕ್ಕಿಗಳು, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಶಕ್ತಿ. ಬಲಕ್ಕಿರುವುದು ಭಾವ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದಾಗ ತಂದ 24 ಇಂಚಿನ ಸಾಧಾರಣ ಮಾನಿಟರ್. 1920ಕ್ಕೆ 1080, ಸೆಕೆಂಡಿಗೆ 60 ಸಲ. ಹುಡುಗ ಎದುರಿನದರಲ್ಲಿ ಆಟ ಆಡುತ್ತಾನೆ, ಬಲಗಡೆಯದರಲ್ಲಿ ಗೆಳೆಯರ ಮಾತುಕತೆಯ ಕಿಟಕಿ ಮತ್ತು ಒಂದು ಕ್ರಿಕೆಟ್ ವಿಡಿಯೊ ಸದಾ ತೆರೆದಿರುತ್ತವೆ.

ಒಂದು ಭಾನುವಾರ ಸಂಜೆ ನಾನು ಪಕ್ಕದಲ್ಲೇ ಕೂತಿದ್ದೆ. ಆಟದ ನಡುವೆ ಗೆಳೆಯನಿಗೆ ಉತ್ತರ ಬರೆಯಲೆಂದು ಅವನು ಆಲ್ಟ್ ಮತ್ತು ಟ್ಯಾಬ್ ಕೀ ಒತ್ತಿದ. ಎದುರಿನ ಪರದೆ ಕಪ್ಪಾಯಿತು. ಬಲಗಡೆಯದೂ ಒಮ್ಮೆ ಮಿಣುಕಿತು. ಮೂರ್ನಾಲ್ಕು ಸೆಕೆಂಡಿನ ಮೇಲೆ ಡೆಸ್ಕ್‌ಟಾಪ್ ಬಂತು, ಆದರೆ ಬಲಗಡೆ ಇದ್ದ ಕಿಟಕಿಗಳು ತಮ್ಮ ಜಾಗ ಬಿಟ್ಟು ಒಂದರ ಮೇಲೊಂದು ಬಿದ್ದಿದ್ದವು. ಉತ್ತರ ಬರೆದು ಆಟಕ್ಕೆ ಮರಳಿದಾಗ ಮತ್ತೆ ಅದೇ ಕತ್ತಲು. ಅಷ್ಟು ಹೊತ್ತಿಗೆ ಆಟದೊಳಗೆ ಅವನ ಕಥೆ ಮುಗಿದಿತ್ತು.

"ಬಾರ್ಡರ್‌ಲೆಸ್ ಹಾಕ್ಕೊಂಡ್ರೆ ಈ ಕಾಟ ಇರಲ್ಲ ಮಾಮ. ಆದ್ರೆ ಆಟ ನಿಧಾನ ಆಗತ್ತೆ ಅಂತಾರೆ ಎಲ್ರೂ. ನಿಜಾನಾ?" ಎಂದು ಕೇಳಿದ.

ಹತ್ತು ವರ್ಷದ ಹಿಂದೆ ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಇವತ್ತಿನ ಉತ್ತರ ಬೇರೆ. ಅದನ್ನು ಹೇಳುವ ಮೊದಲು, ಆಟದ ಒಂದು ಚಿತ್ರ ಗ್ರಾಫಿಕ್ಸ್ ಕಾರ್ಡಿನಿಂದ ಹೊರಟು ಮಾನಿಟರ್ ತಲುಪುವ ದಾರಿ ಯಾವುದೆಂದು ತಿಳಿಯಬೇಕು. ಎಲ್ಲ ತಕರಾರೂ ಆ ದಾರಿಯದ್ದೇ.

ಪತ್ರಿಕೆಯ ಕಚೇರಿಯಲ್ಲಿ ಪುಟ ಕಟ್ಟುವವರನ್ನು ನೆನಪಿಸಿಕೊಳ್ಳಿ. ಸುದ್ದಿ, ಚಿತ್ರ, ಜಾಹೀರಾತು ಎಲ್ಲವೂ ಬೇರೆ ಬೇರೆ ಮೇಜಿನಿಂದ ಅವರ ಬಳಿ ಬರುತ್ತವೆ. ಅವರು ಅವನ್ನೆಲ್ಲ ಒಂದು ಪುಟದಲ್ಲಿ ಕೂರಿಸಿ ಅಚ್ಚಿಗೆ ಕಳಿಸುತ್ತಾರೆ. ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ಅಂಗಕ್ಕೆ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂದು ಹೆಸರು. 2007ರಲ್ಲಿ ವಿಸ್ಟಾದ ಜೊತೆ ಬಂತು. ವಿಂಡೋಸ್ 7ರವರೆಗೂ ಬೇಡವೆಂದರೆ ಅದನ್ನು ನಿಲ್ಲಿಸಬಹುದಿತ್ತು. 2012ರ ವಿಂಡೋಸ್ 8ರಿಂದ ಅದು ಸದಾ ಚಾಲೂ. ಬ್ರೌಸರ್, ಚಾಟ್, ಕೆಳಗಿನ ಟಾಸ್ಕ್‌ಬಾರ್ ಎಲ್ಲವೂ ತಮ್ಮ ತಮ್ಮ ಚಿತ್ರ ಬರೆದು ಇದಕ್ಕೆ ಒಪ್ಪಿಸುತ್ತವೆ. ಇದು ಪುಟ ಕಟ್ಟಿ ಮಾನಿಟರ್‌ಗೆ ಕಳಿಸುತ್ತದೆ.

ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್ ಎಂದರೆ ಆಟವು ಪುಟ ಕಟ್ಟುವವರನ್ನು ಬದಿಗಿಟ್ಟು ನೇರ ಅಚ್ಚುಮನೆಗೆ ಹೋಗುವುದು. ಆ ಮಾನಿಟರ್ ಪೂರ್ತಿ ಆಟದ ವಶ. ಎಷ್ಟು ಚುಕ್ಕಿಗಳಿರಬೇಕು, ಸೆಕೆಂಡಿಗೆ ಎಷ್ಟು ಸಲ ಬದಲಾಗಬೇಕು ಎಂಬುದನ್ನೂ ಆಟವೇ ಹೇಳುತ್ತದೆ. ನಡುವೆ ಯಾರೂ ಇಲ್ಲದ ಕಾರಣ ಚಿತ್ರ ಬೇಗ ತಲುಪುತ್ತದೆ. ಆದರೆ ನೀವು ಬೇರೆ ಕಿಟಕಿಗೆ ಹೋದ ಕೂಡಲೇ ಆಟ ಆ ವಶ ಬಿಟ್ಟುಕೊಡಬೇಕು, ಡೆಸ್ಕ್‌ಟಾಪ್ ಮತ್ತೆ ಬಂದು ಕೂರಬೇಕು. ಕತ್ತಲಾಗುವುದು ಈ ಕೈಬದಲಾವಣೆಯ ಹೊತ್ತಿನಲ್ಲಿ. ಡೈರೆಕ್ಟ್‌ಎಕ್ಸ್ 9ರ ಕಾಲದ ಆಟಗಳಿಗೆ ಇದು ಇನ್ನೂ ಕಷ್ಟ: ವಶ ತಪ್ಪಿದಾಗ ಗ್ರಾಫಿಕ್ಸ್ ಕಾರ್ಡಿನ ಮೇಲಿನ ಹಿಡಿತವೂ ತಪ್ಪುತ್ತದೆ, ಮರಳಿ ಬಂದಾಗ ಹಲವು ಸಾಮಗ್ರಿಗಳನ್ನು ಹೊಸದಾಗಿ ಜೋಡಿಸಿಕೊಳ್ಳಬೇಕು. ಇದನ್ನು ಸರಿಯಾಗಿ ಬರೆಯದ ಆಟಗಳು ಅಲ್ಲೇ ಕುಸಿಯುತ್ತವೆ.

ಬಾರ್ಡರ್‌ಲೆಸ್ ವಿಂಡೋ ಎಂದರೆ ಆಟವೂ ಒಂದು ಕಿಟಕಿಯೇ. ಅಂಚು, ಮೇಲಿನ ಪಟ್ಟಿ ಯಾವುದೂ ಇಲ್ಲದೆ ಮಾನಿಟರ್‌ನಷ್ಟೇ ಅಗಲಕ್ಕೆ ಹರಡಿಕೊಂಡಿರುತ್ತದೆ, ಅಷ್ಟೇ. ಮಾನಿಟರ್ ಯಾರ ವಶಕ್ಕೂ ಹೋಗಿಲ್ಲ, ಹಾಗಾಗಿ ಕೈಬದಲಾವಣೆ ಇಲ್ಲ. ಬಲಗಡೆಯ ಪರದೆಗೆ ಹೋಗಿ ನಾಲ್ಕು ಸಾಲು ಬರೆದು ಬಂದರೂ ಆಟದ ಚಿತ್ರ ಎದುರಿಗೆ ನಿಂತೇ ಇರುತ್ತದೆ.

ನಿಧಾನ ಎಂಬ ಆರೋಪ ಹುಟ್ಟಿದ್ದು ಹಳೆಯ ಪದ್ಧತಿಯಿಂದ. ಹಿಂದೆ ಕಿಟಕಿಯೊಳಗಿನ ಆಟ ತನ್ನ ಚಿತ್ರ ಬರೆದು ಮುಗಿಸಿದ ಮೇಲೆ ಅದನ್ನು ಇನ್ನೊಂದು ಹಾಳೆಗೆ ನಕಲು ಮಾಡಿ ಪುಟ ಕಟ್ಟುವವರಿಗೆ ಕೊಡಬೇಕಿತ್ತು. ಅವರು ಅದನ್ನು ಮುಂದಿನ ಸರದಿಯಲ್ಲಿ ಪುಟಕ್ಕೆ ಸೇರಿಸುತ್ತಿದ್ದರು. ಹೀಗೆ ಒಂದು ಸರದಿ ತಡವಾಗುತ್ತಿತ್ತು. 60 ಹರ್ಟ್ಸ್ ಮಾನಿಟರ್‌ನಲ್ಲಿ ಒಂದು ಸರದಿ ಎಂದರೆ 16.7 ಮಿಲಿಸೆಕೆಂಡು, 144 ಹರ್ಟ್ಸ್‌ನಲ್ಲಿ 6.9. ಕಥೆ ಹೇಳುವ ಆಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಗುರಿಯಿಟ್ಟು ಹೊಡೆಯುವ ಆಟದಲ್ಲಿ ಮೌಸ್ ಸ್ವಲ್ಪ ಭಾರವಾದಂತೆ ಅನಿಸುತ್ತದೆ.

ಈ ನಕಲು ಮಾಡುವ ಪದ್ಧತಿಗೆ ಬದಲಿಯಾಗಿ ವಿಂಡೋಸ್ 8ರಲ್ಲಿ ಫ್ಲಿಪ್ ಎಂಬ ಪದ್ಧತಿ ಬಂತು. ಇದರಲ್ಲಿ ನಕಲಿಲ್ಲ, ಬರೆದ ಹಾಳೆಯನ್ನೇ ಕೈಗೆ ಕೊಡುವುದು. ಇನ್ನೂ ಮುಖ್ಯವಾದದ್ದು ಇದರ ಮುಂದಿನ ಹೆಜ್ಜೆ. ಆ ಹಾಳೆ ಇಡೀ ಮಾನಿಟರ್ ತುಂಬುವಷ್ಟಿದ್ದು ಅದರ ಮೇಲೆ ಬೇರೇನೂ ಇಲ್ಲದಿದ್ದರೆ, ಪುಟ ಕಟ್ಟುವವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ. ಇಡೀ ಪುಟ ಒಂದೇ ಜಾಹೀರಾತು ಎಂದ ಮೇಲೆ ಕಟ್ಟುವುದೇನಿದೆ? ಆಟದ ಚಿತ್ರ ನೇರವಾಗಿ ಮಾನಿಟರ್‌ಗೆ ಹೋಗುತ್ತದೆ. ಎಕ್ಸ್‌ಕ್ಲೂಸಿವ್‌ನ ವೇಗ ಸಿಗುತ್ತದೆ, ಕಿಟಕಿಯ ಅನುಕೂಲವೂ ಉಳಿಯುತ್ತದೆ. ಇದಕ್ಕೆ ಇಂಡಿಪೆಂಡೆಂಟ್ ಫ್ಲಿಪ್ ಎನ್ನುತ್ತಾರೆ. ಡೈರೆಕ್ಟ್‌ಎಕ್ಸ್ 12ರ ಆಟಗಳಿಗೆ ಫ್ಲಿಪ್ ಬಿಟ್ಟು ಬೇರೆ ಪದ್ಧತಿಯೇ ಇಲ್ಲ. ಡೈರೆಕ್ಟ್‌ಎಕ್ಸ್ 10 ಮತ್ತು 11ರ ಹಳೆಯ ಆಟಗಳನ್ನು ಫ್ಲಿಪ್‌ಗೆ ತಿರುಗಿಸಲು ವಿಂಡೋಸ್ 11ರಲ್ಲಿ ಒಂದು ಗುಂಡಿ ಇದೆ. ಅದರ ಮಾತು ಮುಂದೆ ಬರುತ್ತದೆ.

ಇನ್ನೊಂದು ವಿಷಯ ಗೊತ್ತಿರಲಿ. ಆಟದ ಮೆನುವಿನಲ್ಲಿ "Fullscreen" ಎಂದು ಆರಿಸಿದ ಮಾತ್ರಕ್ಕೆ ಅದು ನಿಜವಾದ ಎಕ್ಸ್‌ಕ್ಲೂಸಿವ್ ಆಗಬೇಕೆಂದಿಲ್ಲ. ವಿಂಡೋಸ್ 10ರ ಕಾಲದಿಂದ ವಿಂಡೋಸ್ ಅನೇಕ ಆಟಗಳ ಫುಲ್‌ಸ್ಕ್ರೀನ್ ಅನ್ನು ಒಳಗಿಂದೊಳಗೆ ಇದೇ ಫ್ಲಿಪ್ ಕಿಟಕಿಯಾಗಿ ಬದಲಿಸುತ್ತದೆ. ಹೀಗಾಗಿ ಎರಡನ್ನೂ ಆಡಿ ನೋಡಿ "ಫುಲ್‌ಸ್ಕ್ರೀನೇ ವೇಗ" ಎಂದು ಪ್ರಮಾಣ ಮಾಡುವ ಎಷ್ಟೋ ಜನ ನಿಜಕ್ಕೂ ಹೋಲಿಸಿದ್ದು ಎರಡು ಬಗೆಯ ಕಿಟಕಿಗಳನ್ನು.

ಇದನ್ನು ಪತ್ತೆ ಮಾಡಲು ಸುಲಭದ ಪರೀಕ್ಷೆ ಒಂದಿದೆ. ಆಟ ನಡೆಯುತ್ತಿರುವಾಗ ಕೀಬೋರ್ಡಿನ ವಾಲ್ಯೂಮ್ ಕೀ ಒತ್ತಿ. ವಿಂಡೋಸ್‌ನ ಚಿಕ್ಕ ವಾಲ್ಯೂಮ್ ಪಟ್ಟಿ ಆಟದ ಮೇಲೆ ತೇಲಿ ಬಂದರೆ ಪರದೆ ಇನ್ನೂ ವಿಂಡೋಸ್‌ನ ಕೈಯಲ್ಲೇ ಇದೆ. ಸದ್ದು ಏರಿಳಿದರೂ ಪಟ್ಟಿ ಕಾಣಲಿಲ್ಲವೆಂದರೆ ಪರದೆ ನಿಜವಾಗಿಯೂ ಆಟದ ವಶವಾಗಿದೆ.

ಈಗ ನಮ್ಮ ಹುಡುಗನ ಮೇಜಿಗೆ ಬರೋಣ. ಅವನ ಆಟ ಡೈರೆಕ್ಟ್‌ಎಕ್ಸ್ 11ರದ್ದು, ಎಂಟೊಂಬತ್ತು ವರ್ಷ ಹಳೆಯದು. ವಾಲ್ಯೂಮ್ ಪಟ್ಟಿ ಕಾಣಲಿಲ್ಲ. ಯಾವಾಗಲೋ ಯಾರದೋ ಸಲಹೆ ಕೇಳಿ, ಆಟದ ಕಡತದ ಗುಣಲಕ್ಷಣಗಳಲ್ಲಿ "Disable fullscreen optimizations" ಎಂಬ ಚೌಕಕ್ಕೆ ಗುರುತು ಹಾಕಿದ್ದ. ಅಂದರೆ ವಿಂಡೋಸ್ ಮಾಡುವ ಆ ಬದಲಾವಣೆಯನ್ನು ತಾನೇ ತಡೆದಿದ್ದ. ಜೊತೆಗೆ ಫ್ರೇಮ್ ಹೆಚ್ಚು ಬರಲೆಂದು ಆಟವನ್ನು 1920×1080ರಲ್ಲಿ ಆಡುತ್ತಿದ್ದ. ಮಾನಿಟರ್‌ನ ಡೆಸ್ಕ್‌ಟಾಪ್ ಇರುವುದು 2560×1440ರಲ್ಲಿ.

ಕತ್ತಲು ಅಷ್ಟು ದೀರ್ಘವಾಗಿದ್ದಕ್ಕೂ ಕಿಟಕಿಗಳು ಚೆಲ್ಲಾಪಿಲ್ಲಿಯಾದದ್ದಕ್ಕೂ ಈ ಎರಡನೆಯದೇ ಕಾರಣ. ವಿಂಡೋಸ್‌ಗೆ ಎರಡು ಮಾನಿಟರ್‌ಗಳು ಎರಡಲ್ಲ, ಒಂದೇ ದೊಡ್ಡ ಹಾಸು. ಎದುರಿನ ಮಾನಿಟರ್ 2560 ಅಗಲವಿದ್ದಾಗ ಬಲಗಡೆಯದು 2560ನೇ ಚುಕ್ಕಿಯಿಂದ ಶುರುವಾಗುತ್ತದೆ. ಆಟ ಬಂದು ಎದುರಿನದನ್ನು 1920ಕ್ಕೆ ಇಳಿಸಿದರೆ ಬಲಗಡೆಯದರ ಆರಂಭವೂ 1920ಕ್ಕೆ ಸರಿಯುತ್ತದೆ. ಅಲ್ಲಿದ್ದ ಕಿಟಕಿಗಳು ತಮ್ಮ ಲೆಕ್ಕ ಬದಲಿಸಿಕೊಳ್ಳಬೇಕು. ಆಲ್ಟ್-ಟ್ಯಾಬ್ ಒತ್ತಿದಾಗ ಮತ್ತೆ ಉಲ್ಟಾ. ಒಂದೇ ಮಾನಿಟರ್ ಇರುವವರಿಗೆ ಕಾಣದ ಈ ಪೇಚು ಎರಡು ಮಾನಿಟರ್‌ನವರಿಗೆ ಪ್ರತಿ ಸಲವೂ ಎದುರಾಗುತ್ತದೆ.

ಬಾರ್ಡರ್‌ಲೆಸ್‌ಗೆ ಹೋದರೆ ಮಾನಿಟರ್ 1440ರಲ್ಲೇ ಉಳಿಯುತ್ತದೆ. ಆದರೆ ಅಷ್ಟು ಚುಕ್ಕಿಗಳನ್ನು ಬರೆಯುವ ತಾಕತ್ತು ಅವನ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ. ಇಲ್ಲಿಯೇ ಬಹಳ ಮಂದಿ ಸೋತು ಹಿಂತಿರುಗುತ್ತಾರೆ: ಬಾರ್ಡರ್‌ಲೆಸ್ ಮಾಡಿದರು, ಫ್ರೇಮ್ ಬಿತ್ತು, ಬಾರ್ಡರ್‌ಲೆಸ್ ಕೆಟ್ಟದ್ದು. ನಿಜಕ್ಕೂ ಬಿದ್ದದ್ದು ಚುಕ್ಕಿಗಳ ಸಂಖ್ಯೆ ಏರಿದ್ದರಿಂದ. 1920×1080 ಎಂದರೆ ಸುಮಾರು 20.7 ಲಕ್ಷ ಚುಕ್ಕಿ. 2560×1440 ಎಂದರೆ 36.9 ಲಕ್ಷ. ಹೆಚ್ಚುಕಡಿಮೆ ಎರಡು ಪಟ್ಟು ಕೆಲಸ.

ಇದಕ್ಕೆ ದಾರಿ ಆಟದೊಳಗೇ ಇತ್ತು. ಈಚಿನ ಹೆಚ್ಚಿನ ಆಟಗಳಲ್ಲಿ ರೆಂಡರ್ ಸ್ಕೇಲ್ ಅಥವಾ ರೆಸಲ್ಯೂಶನ್ ಸ್ಕೇಲ್ ಎಂಬ ಅಳತೆ ಇರುತ್ತದೆ. ಅದನ್ನು ಶೇ. 75ಕ್ಕೆ ಇಟ್ಟೆವು. 2560ರ ಮುಕ್ಕಾಲು 1920, 1440ರ ಮುಕ್ಕಾಲು 1080. ಅಂದರೆ ಆಟದ ಲೋಕವನ್ನು ಕಾರ್ಡು ಮೊದಲಿನಷ್ಟೇ ಚುಕ್ಕಿಗಳಲ್ಲಿ ಬರೆಯುತ್ತದೆ, ಆಮೇಲೆ ತಾನೇ ಹಿಗ್ಗಿಸುತ್ತದೆ. ಅಕ್ಷರಗಳು, ನಕ್ಷೆ, ಬಾಕಿ ಉಳಿದ ಗುಂಡುಗಳ ಲೆಕ್ಕ ಮಾತ್ರ ಪೂರ್ತಿ 1440ರಲ್ಲಿ ಬರುತ್ತವೆ. ಹುಡುಗ ಮೊದಲು ಗಮನಿಸಿದ್ದು ಅದನ್ನೇ: "ಅಕ್ಷರ ಎಷ್ಟು ಕ್ಲಿಯರ್ ಆಯ್ತು ಮಾಮ!" ಹೌದು, ಇಷ್ಟು ದಿನ ಮಾನಿಟರ್ ಆ ಅಕ್ಷರಗಳನ್ನೂ ಎಳೆದು ದೊಡ್ಡದು ಮಾಡಿ ತೋರಿಸುತ್ತಿತ್ತು.

ಫ್ರೇಮ್ ಮೊದಲಿನಷ್ಟೇ ಬಂತು. ಆದರೂ ಅವನಿಗೆ ಸಮಾಧಾನ ಇಲ್ಲ. ಮೌಸ್ ಸ್ವಲ್ಪ ಹಿಂದೆ ಬಿದ್ದಂತಿದೆ ಎಂದ. ಅವನ ಮಾತು ನನಗೆ ಭ್ರಮೆ ಎನಿಸಲಿಲ್ಲ. ಕೈಗೆ ಅನಿಸಿದ್ದನ್ನು ಅಳೆಯುವ ಉಪಕರಣ ಇರುವಾಗ ವಾದ ಬೇಕಿಲ್ಲ. ಇಂಟೆಲ್ ಕಂಪನಿ ಉಚಿತವಾಗಿ ಕೊಡುವ ಪ್ರೆಸೆಂಟ್‌ಮಾನ್ ಎಂಬ ಪುಟ್ಟ ತಂತ್ರಾಂಶ ಇದೆ. ಪ್ರತಿ ಫ್ರೇಮ್ ಯಾವ ದಾರಿಯಲ್ಲಿ ಪರದೆಗೆ ಹೋಯಿತು ಎಂಬುದನ್ನು ಅದು ಬರೆದಿಡುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಟರ್ಮಿನಲ್‌ನಲ್ಲಿ ಹೀಗೆ ಹೊಡೆಯಬೇಕು:

```
PresentMon.exe --process_name game.exe --output_file test.csv
```

ಇಳಿಸಿಕೊಂಡ ಕಡತದ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಸೇರಿರುತ್ತದೆ, ಅದನ್ನೇ ಮೊದಲು ಬರೆಯಿರಿ. `game.exe` ಇರುವ ಕಡೆ ನಿಮ್ಮ ಆಟದ ಹೆಸರು. ಅದು ಟಾಸ್ಕ್ ಮ್ಯಾನೇಜರ್‌ನ "Details" ಪಟ್ಟಿಯಲ್ಲಿ ಸಿಗುತ್ತದೆ. ಒಂದು ನಿಮಿಷ ಆಡಿ ನಿಲ್ಲಿಸಿ, ಬಂದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ಅಂಕಣಗಳು ಹತ್ತಾರಿರುತ್ತವೆ, ನಮಗೆ ಬೇಕಾದ್ದು `PresentMode` ಒಂದೇ.

ಅಲ್ಲಿ `Hardware: Legacy Flip` ಎಂದಿದ್ದರೆ ಅದು ಹಳೆಯ ನಿಜವಾದ ಎಕ್ಸ್‌ಕ್ಲೂಸಿವ್. `Hardware: Independent Flip` ಎಂದಿದ್ದರೆ ಕಿಟಕಿಯೇ ಆದರೂ ಚಿತ್ರ ನೇರ ಹೋಗುತ್ತಿದೆ. ಮೊದಲಲ್ಲಿ `Hardware Composed` ಎಂದು ಬಂದರೂ ಒಳ್ಳೆಯದೇ. ಪದರಗಳನ್ನು ಜೋಡಿಸುವ ಕೆಲಸವನ್ನು ಕಾರ್ಡಿನ ಯಂತ್ರಾಂಶವೇ ವಹಿಸಿಕೊಂಡಿದೆ ಎಂದು ಅರ್ಥ. `Composed: Flip` ಎಂದರೆ ನಕಲಿಲ್ಲ, ಆದರೆ ಪುಟ ಕಟ್ಟುವವರ ಕೈ ದಾಟಿಯೇ ಹೋಗುತ್ತಿದೆ. `Composed: Copy with GPU GDI` ಎಂದರೆ ನಕಲೂ ಇದೆ, ಪುಟ ಕಟ್ಟುವುದೂ ಇದೆ. ನಿಧಾನದ ದಾರಿ ಇದೇ.

ನಮಗೆ ಸಿಕ್ಕಿದ್ದು ಈ ಕೊನೆಯದು. ಹುಡುಗನ ಕೈ ಸರಿಯಾಗಿಯೇ ಹೇಳಿತ್ತು.

ಮೊದಲು ಆ ಗುಂಡಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್ ಪುಟ. ಅಲ್ಲಿ "Optimizations for windowed games" ಎಂಬುದು ಆಫ್ ಆಗಿತ್ತು. ಆನ್ ಮಾಡಿ, ಆಟ ಮುಚ್ಚಿ ಮತ್ತೆ ತೆರೆದೆವು. ಮುಚ್ಚಿ ತೆರೆಯದಿದ್ದರೆ ಬದಲಾವಣೆ ಜಾರಿಯಾಗುವುದಿಲ್ಲ, ಮರೆಯಬೇಡಿ. ಮತ್ತೊಮ್ಮೆ ಅಳೆದಾಗ `Composed: Flip` ಬಂತು. ನಕಲು ಹೋಯಿತು, ಆದರೆ ಪುಟ ಕಟ್ಟುವವರು ಇನ್ನೂ ಪಕ್ಕಕ್ಕೆ ಸರಿದಿಲ್ಲ. ಯಾಕೆ? ಆಟದ ಮೇಲೆ ಇನ್ನೇನೋ ಕೂತಿರಬೇಕು. ನೋಡಿದರೆ ಎದುರಿನ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರ. ಸದಾ ಎಲ್ಲದರ ಮೇಲೆ ನಿಲ್ಲುವಂತೆ ಅವನೇ ಹಾಕಿಕೊಂಡಿದ್ದ, ಅಮ್ಮ ಊಟಕ್ಕೆ ಕರೆಯುವ ಮೊದಲು ಹೊತ್ತು ಗೊತ್ತಾಗಲಿ ಎಂದು. ಅಷ್ಟು ಚಿಕ್ಕದಾದರೂ ಅದೂ ಒಂದು ಕಿಟಕಿ. ಪುಟದಲ್ಲಿ ಎರಡು ವಸ್ತುಗಳಿದ್ದ ಮೇಲೆ ಪುಟ ಕಟ್ಟಲೇಬೇಕು.

ಗಡಿಯಾರವನ್ನು ಬಲಗಡೆಯ ಮಾನಿಟರ್‌ಗೆ ಎಳೆದುಹಾಕಿದೆವು. ಮತ್ತೆ ಅಳೆದಾಗ ಅಂಕಣದ ತುಂಬ `Hardware: Independent Flip`.

ಎರಡನೆಯ ಮಾನಿಟರ್ ಇರುವವರಿಗೆ ಇದು ದೊಡ್ಡ ಅನುಕೂಲ. ಪ್ರತಿ ಮಾನಿಟರ್‌ನ ಪುಟ ಬೇರೆ. ತೇಲುವ ಚಾಟ್, ಮೇಲೆ ನಿಲ್ಲುವ ಟಿಪ್ಪಣಿ, ತಾಪಮಾನ ತೋರಿಸುವ ಪಟ್ಟಿ ಎಲ್ಲವನ್ನೂ ಆಟವಿಲ್ಲದ ಮಾನಿಟರ್‌ಗೆ ಸಾಗಿಸಿದರೆ ಆಟದ ದಾರಿ ತೆರೆದುಕೊಳ್ಳುತ್ತದೆ. ವಾಲ್ಯೂಮ್ ಪಟ್ಟಿ ಕಾಣುವ ಎರಡು ಕ್ಷಣ ದಾರಿ ಬದಲಾಗುತ್ತದೆ ನಿಜ, ಅದು ಮರೆಯಾದ ಮೇಲೆ ಮೊದಲಿನಂತಾಗುತ್ತದೆ.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಬಲಗಡೆಯ ಕ್ರಿಕೆಟ್ ವಿಡಿಯೊ ತೊದಲತೊಡಗಿತು. ಬೌಲರ್ ಓಡಿ ಬಂದು ಅರ್ಧದಲ್ಲಿ ನಿಂತ, ಮರುಕ್ಷಣ ಚೆಂಡು ಬೌಂಡರಿ ದಾಟಿತ್ತು. ಇದಕ್ಕೂ ಜನ ಬಾರ್ಡರ್‌ಲೆಸ್ ಅನ್ನೇ ದೂರುತ್ತಾರೆ. ಹಿಂದೆ ಅದರಲ್ಲಿ ಹುರುಳಿತ್ತು. 144 ಮತ್ತು 60ರಂತಹ ಬೇರೆ ಬೇರೆ ವೇಗದ ಮಾನಿಟರ್‌ಗಳು ಜೊತೆಗಿದ್ದಾಗ, ನಿಧಾನದ ಮಾನಿಟರ್‌ನಲ್ಲಿ ಏನಾದರೂ ಓಡುತ್ತಿದ್ದರೆ ವೇಗದ್ದೂ ಎಡವುತ್ತಿತ್ತು. 2020ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ಆ ತೊಂದರೆ ಬಹಳ ತಗ್ಗಿದೆ. ನಮ್ಮಲ್ಲಿ ಎಡವುತ್ತಿದ್ದದ್ದು ಆಟವಲ್ಲ, ವಿಡಿಯೊ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆವು. ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ. 99ರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು.

ಆಟಕ್ಕೆ ಮಿತಿ ಹಾಕಿರಲಿಲ್ಲವಾದ್ದರಿಂದ ಅದು ಸಿಕ್ಕಷ್ಟನ್ನೂ ಬಳಸುತ್ತಿತ್ತು. ಆದರೆ ಅದೇ ಕಾರ್ಡು ಬಲಗಡೆಯ ಪರದೆಯ ಪುಟವನ್ನೂ ಕಟ್ಟಬೇಕು, ವಿಡಿಯೊವನ್ನೂ ಬಿಡಿಸಬೇಕು. ಅವಕ್ಕೆ ಸರದಿಯೇ ಸಿಗುತ್ತಿರಲಿಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿಯನ್ನು ಮೊದಲು 140ಕ್ಕೆ ಇಟ್ಟೆವು. ಹೊರಾಂಗಣದ ದೃಶ್ಯಗಳಲ್ಲಿ ಆಟ ಅಷ್ಟನ್ನು ಮುಟ್ಟುತ್ತಲೇ ಇರಲಿಲ್ಲ, ಹಾಗಾಗಿ ಕಾರ್ಡು ಇನ್ನೂ ಏದುಸಿರು ಬಿಡುತ್ತಿತ್ತು. 110ಕ್ಕೆ ಇಳಿಸಿದಾಗ ಬಳಕೆ ಎಂಬತ್ತೈದರ ಸುತ್ತ ಬಂದು ನಿಂತಿತು, ವಿಡಿಯೊ ನೀರಿನಂತೆ ಹರಿಯಿತು. ಮಿತಿಯ ಅಂಕಿ ನಿಮ್ಮ ಕಾರ್ಡಿಗೆ ತಕ್ಕಂತೆ ಇರುತ್ತದೆ. ನೋಡಬೇಕಾದದ್ದು ಬಳಕೆಯ ಗೆರೆಯನ್ನು. ಅದರ ತಲೆಯ ಮೇಲೆ ಒಂದಿಷ್ಟು ಖಾಲಿ ಜಾಗ ಉಳಿಯಬೇಕು.

ಜಿ-ಸಿಂಕ್, ಫ್ರೀಸಿಂಕ್ ಇರುವ ಮಾನಿಟರ್‌ನವರು ಇಲ್ಲಿ ಒಂದನ್ನು ನೋಡಿಕೊಳ್ಳಿ. ಮಾನಿಟರ್‌ನದೇ ಮೆನುವಿನಲ್ಲಿ ಹರ್ಟ್ಸ್ ಎಷ್ಟೆಂದು ತೋರಿಸುವ ಸೌಲಭ್ಯ ಹಲವು ಮಾದರಿಗಳಲ್ಲಿ ಇದೆ. ಆಟ ಆಡುವಾಗ ಆ ಅಂಕಿ ಕುಣಿಯುತ್ತಿದ್ದರೆ ಸಿಂಕ್ ಕೆಲಸ ಮಾಡುತ್ತಿದೆ. 144ಕ್ಕೇ ಅಂಟಿಕೊಂಡಿದ್ದರೆ, ಎನ್ವಿಡಿಯಾ ಕಾರ್ಡಿನವರು ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಅನ್ನು ಕಿಟಕಿಯ ಆಟಗಳಿಗೂ ಅನ್ವಯಿಸುವ ಆಯ್ಕೆಯನ್ನು ಆರಿಸಬೇಕು.

ಉಳಿದದ್ದು ಮೌಸ್. ಎಕ್ಸ್‌ಕ್ಲೂಸಿವ್‌ನಲ್ಲಿ ಮೌಸ್ ಬಾಣ ಸಾಮಾನ್ಯವಾಗಿ ಆಟದೊಳಗೇ ಬಂದಿ. ಬಾರ್ಡರ್‌ಲೆಸ್‌ನಲ್ಲಿ ಆಟವೇ ಅದನ್ನು ಕಟ್ಟಿಹಾಕಬೇಕು. ಒಳ್ಳೆಯ ಆಟಗಳು ಕಟ್ಟಿಹಾಕುತ್ತವೆ, ಕೆಲವು ಮೆನು ತೆರೆದಾಗ ಸಡಿಲ ಬಿಡುತ್ತವೆ, ಕೆಲವು ಕಟ್ಟುವುದೇ ಇಲ್ಲ. ಬಲಕ್ಕೆ ತಿರುಗಲೆಂದು ಮೌಸ್ ಎಳೆದಿರಿ, ಬಾಣ ಪಕ್ಕದ ಮಾನಿಟರ್‌ಗೆ ಜಾರಿತು, ಗುಂಡು ಹಾರಿಸಲು ಒತ್ತಿದ ಕ್ಲಿಕ್ ಚಾಟ್ ಕಿಟಕಿಯ ಮೇಲೆ ಬಿತ್ತು. ಆಟದ ಗಮನ ತಪ್ಪಿತು, ಎದುರಾಳಿಗೆ ಹಬ್ಬ. ಮೊದಲು ಆಟದ ಸೆಟ್ಟಿಂಗ್ಸ್‌ನಲ್ಲಿ ಮೌಸ್ ಬಾಣವನ್ನು ಕಿಟಕಿಗೆ ಬಂಧಿಸುವ ಆಯ್ಕೆ ಇದೆಯೇ ಹುಡುಕಿ. ಇಲ್ಲದಿದ್ದರೆ ನನಗೆ ಬಹಳ ಇಷ್ಟವಾದ ಉಪಾಯ ಒಂದಿದೆ.

ವಿಂಡೋಸ್‌ನ ಡಿಸ್‌ಪ್ಲೇ ಪುಟದಲ್ಲಿ 1, 2 ಎಂದು ಬರೆದ ಎರಡು ಚೌಕಗಳು ಕಾಣುತ್ತವಲ್ಲ, ಅವು ಮಾನಿಟರ್‌ಗಳು ಹೇಗೆ ಕೂತಿವೆ ಎಂಬ ನಕ್ಷೆ. ಮಾಮೂಲಿಯಾಗಿ ಅವು ಪಕ್ಕಪಕ್ಕ ಇರುತ್ತವೆ, ಇಡೀ ಬದಿ ಒಂದಕ್ಕೊಂದು ಅಂಟಿರುತ್ತದೆ. 2ನೇ ಚೌಕವನ್ನು ಹಿಡಿದು ಕೆಳಗೆ ಎಳೆಯಿರಿ, ಅದರ ಎಡ ಮೇಲ್ಮೂಲೆ 1ನೇ ಚೌಕದ ಬಲ ಕೆಳಮೂಲೆಗೆ ಮಾತ್ರ ತಾಗುವಷ್ಟು. ಈಗ ಎರಡು ಮನೆಗಳ ನಡುವೆ ಇದ್ದ ಗೋಡೆಯುದ್ದದ ಬಾಗಿಲು ಹೋಗಿ ಮೂಲೆಯಲ್ಲೊಂದು ಸಂದಿ ಮಾತ್ರ ಉಳಿಯಿತು. ಬೇಕೆಂದು ಕೆಳಮೂಲೆಗೆ ಹೋದರೆ ಬಾಣ ದಾಟುತ್ತದೆ, ಆಟದ ಭರದಲ್ಲಿ ಬಲಕ್ಕೆ ಎಳೆದರೆ ದಾಟುವುದಿಲ್ಲ. ಎರಡು ದಿನ ಕೈಗೆ ಒಗ್ಗುವುದಿಲ್ಲ, ಆಮೇಲೆ ಇದೇ ಚೆನ್ನ ಎನಿಸುತ್ತದೆ.

ಆಟ ತಪ್ಪಾದ ಮಾನಿಟರ್‌ನಲ್ಲಿ ತೆರೆದುಕೊಳ್ಳುವುದು ಇನ್ನೊಂದು ದೂರು. ಹೆಚ್ಚಿನ ಆಟಗಳು ವಿಂಡೋಸ್‌ನಲ್ಲಿ ಮುಖ್ಯವೆಂದು ಗುರುತಿಸಿದ ಮಾನಿಟರ್‌ಗೆ ಹೋಗುತ್ತವೆ. ಅದನ್ನು ಇದೇ ಪುಟದಲ್ಲಿ ಬದಲಿಸಬಹುದು. ಜಿಟಿಎ 5ರಂತಹ ಆಟಗಳ ಮೆನುವಿನಲ್ಲಿ ಯಾವ ಮಾನಿಟರ್ ಎಂದು ಆರಿಸುವ ಅವಕಾಶವೇ ಇದೆ. ಗಮನ ಬೇರೆ ಕಿಟಕಿಗೆ ಹೋದಾಗ ಆಟ ನಿಲ್ಲಬೇಕೇ ಎಂಬ ಆಯ್ಕೆಯೂ ಅದರಲ್ಲಿದೆ, ಎರಡು ಮಾನಿಟರ್‌ನವರಿಗೆ ಬಹಳ ಉಪಯುಕ್ತ. ಬಾರ್ಡರ್‌ಲೆಸ್ ಆದ್ದರಿಂದ ವಿಂಡೋಸ್ ಕೀ, ಶಿಫ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೂ ಆಟ ಪಕ್ಕದ ಮಾನಿಟರ್‌ಗೆ ಸಾಮಾನ್ಯವಾಗಿ ಸರಿಯುತ್ತದೆ.

ಕೇಬಲ್ ಎಲ್ಲಿ ಚುಚ್ಚಿದೆ ಎಂದು ಕೂಡ ಒಮ್ಮೆ ಹಿಂದೆ ಬಗ್ಗಿ ನೋಡಿ. ಆಟದ ಮಾನಿಟರ್‌ನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಬದಲಾಗಿ ಮದರ್‌ಬೋರ್ಡಿನ ಕಿಂಡಿಗೆ ಹೋಗಿದ್ದರೆ, ಕಾರ್ಡು ಬರೆದ ಪ್ರತಿ ಚಿತ್ರವೂ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ದಾಟಿ ಬರಬೇಕು. ಆಗ ಮೇಲಿನ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ.

ಹಾಗಾದರೆ ಎಕ್ಸ್‌ಕ್ಲೂಸಿವ್ ಯಾರಿಗೂ ಬೇಡವೇ? ಬೇಕು. ವಿಂಡೋಸ್ 11ರ ಆ ಗುಂಡಿ ಡೈರೆಕ್ಟ್‌ಎಕ್ಸ್ 9ರ ಆಟಗಳನ್ನು ಮುಟ್ಟುವುದಿಲ್ಲ. ಅವನ್ನು ಬಾರ್ಡರ್‌ಲೆಸ್‌ನಲ್ಲಿ ಆಡಿದರೆ ನಕಲಿನ ದಾರಿಯೇ ಗತಿಯಾಗುವುದು ಹೆಚ್ಚು. ಆಲ್ಟ್-ಟ್ಯಾಬ್ ಹೊಡೆಯದೆ ಕೂತು ಆಡುವುದಾದರೆ ಅವಕ್ಕೆ ಎಕ್ಸ್‌ಕ್ಲೂಸಿವ್ ಲೇಸು. ಕೌಂಟರ್-ಸ್ಟ್ರೈಕ್‌ನಂತಹ ಆಟವನ್ನು 1280×960ರಲ್ಲಿ ಅಗಲಕ್ಕೆ ಎಳೆದು ಆಡುವ ಅಭ್ಯಾಸದವರಿದ್ದಾರೆ. ಆ ಆಕಾರ ಬೇಕೆಂದರೆ ಮಾನಿಟರ್‌ನ ಅಳತೆಯನ್ನೇ ಬದಲಿಸಬೇಕು, ಅದಕ್ಕೆ ಆಟದ ವಶಕ್ಕೆ ಪರದೆ ಬರಬೇಕು. ಅಳೆದು ನೋಡಿ, ಏನು ಮಾಡಿದರೂ `Composed` ಬಿಟ್ಟು ಮೇಲೇಳದ ಆಟವಿದ್ದರೆ ಅದಕ್ಕೂ ಇದೇ ಮದ್ದು. ಅಂಥಲ್ಲಿ ಆಟದ ಅಳತೆ, ಹರ್ಟ್ಸ್ ಎರಡನ್ನೂ ಡೆಸ್ಕ್‌ಟಾಪ್‌ನದಕ್ಕೆ ಸರಿಸಮ ಇಡಿ. ಆಗ ಕೈಬದಲಾವಣೆಯ ಕತ್ತಲು ಕಡಿಮೆಯಾಗುತ್ತದೆ, ಪಕ್ಕದ ಮಾನಿಟರ್‌ನ ಕಿಟಕಿಗಳು ಜಾಗ ಬಿಡುವುದಿಲ್ಲ.

ಹುಡುಗನ ಆಟ ಈಗ ಬಾರ್ಡರ್‌ಲೆಸ್‌ನಲ್ಲೇ ಇದೆ: ಸ್ಕೇಲ್ ಶೇ. 75, ಮಿತಿ 110, ಗಡಿಯಾರ ಬಲಗಡೆ. ಹಾಕಿದ್ದ ಆ ಹಳೆಯ ಗುರುತನ್ನೂ ತೆಗೆಸಿದ್ದೇನೆ. ವಿಂಡೋಸ್ 11, ಡೈರೆಕ್ಟ್‌ಎಕ್ಸ್ 11 ಅಥವಾ 12ರ ಆಟ, ಎರಡು ಮಾನಿಟರ್ ಇರುವವರಿಗೆ ನನ್ನ ಸಲಹೆಯೂ ಬಾರ್ಡರ್‌ಲೆಸ್ ಎಂದೇ. ಆದರೆ ನನ್ನ ಮಾತಿನ ಮೇಲೆ ಬಿಡಬೇಡಿ. ನಿಮ್ಮ ಆಟವನ್ನು ಒಂದೇ ಒಂದು ನಿಮಿಷ ಪ್ರೆಸೆಂಟ್‌ಮಾನ್‌ನಿಂದ ಅಳೆಯಿರಿ, `PresentMode` ಅಂಕಣ ಓದಿ, ಆಮೇಲೆ ತೀರ್ಮಾನಿಸಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಅಥವಾ ಕಾರ್ಡಿನ ಡ್ರೈವರ್ ಬದಲಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ.